ಒಂಬತ್ತನೆಯ ಪ್ರಶ್ನೆ

ಕಡಲತೀರದ ಸ್ಫಾಕ್ಸ್ ಪಟ್ಟಣದ ಹಳೆಯ ಕೋಟೆಬಾಗಿಲಿನ ಎದುರು, ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿ ದಲೀಲಾಳ ವಕೀಲಿ ಕಚೇರಿ. ಜಮೀನಿನ ತಕರಾರು, ವಿಚ್ಛೇದನ, ಬಾಡಿಗೆಯ ಜಗಳ ಅವಳ ಹೊಟ್ಟೆಪಾಡು. ಕಳ್ಳದೋಣಿ ಹತ್ತಿ ಇಟಲಿಗೆ ಹೊರಟು ನಡುನೀರಿನಲ್ಲಿ ಕಾಣೆಯಾದ ಹುಡುಗರ ಕೇಸುಗಳನ್ನು ಅವಳು ಶುಲ್ಕವಿಲ್ಲದೆ ನೋಡುತ್ತಿದ್ದಳು. ಮೊದಮೊದಲು ಒಂದೋ ಎರಡೋ ಇದ್ದವು. ಈಗ ಗೋಡೆಯ ಬದಿಯ ಕಪಾಟು ಅವುಗಳಿಂದಲೇ ತುಂಬಿತ್ತು.

ಆ ತಾಯಂದಿರ ಜೊತೆ ಕೆಲಸ ಮಾಡಿ ಅವಳು ಕಲಿತ ಪಾಠ ಒಂದೇ: ಬೇಕಾದುದನ್ನು ಬಿಡಿಸಿ ಕೇಳಬೇಕು. "ಮಗನ ವಿವರ ಕಳಿಸಿ" ಎಂದರೆ ಅವರು ಅವನಿಗೆ ಯಾವ ಮೀನು ಇಷ್ಟ, ಶಾಲೆಯಲ್ಲಿ ಯಾವ ಮೇಷ್ಟ್ರು ಹೊಡೆದರು ಎಂಬುದನ್ನೆಲ್ಲ ಹೇಳಿಕೊಂಡು ಅಳುತ್ತಿದ್ದರು. ಅದರಲ್ಲಿ ಒಂದು ತಾರೀಕೂ ಇರುತ್ತಿರಲಿಲ್ಲ. ಆಕಡೆ ಪಲೆರ್ಮೊದಲ್ಲಿ ಅವಳ ಪರವಾಗಿ ಅರ್ಜಿ ಹಾಕುವ ಇಟಲಿಯ ವಕೀಲೆ ಅರೆಬರೆ ಕಡತವನ್ನು ಮುಟ್ಟುತ್ತಲೇ ಇರಲಿಲ್ಲ. ಹಾಗಾಗಿ ದಲೀಲಾ ಒಂದು ಪಟ್ಟಿ ಮಾಡಿಕೊಂಡಿದ್ದಳು. ಒಂದು ಸಾಲಿಗೆ ಒಂದೇ ಪ್ರಶ್ನೆ. ಯಾಕೆ ಬೇಕು, ಯಾವ ರೂಪದಲ್ಲಿ ಬೇಕು, ಯಾವುದಿಲ್ಲದೆ ಕೆಲಸ ಶುರುವಾಗುವುದೇ ಇಲ್ಲ, ಯಾವುದು ನಿಧಾನವಾಗಿ ಬಂದರೂ ನಡೆದೀತು, ಎಲ್ಲವೂ ಅದರಲ್ಲಿತ್ತು.

ಹೊಸದಾಗಿ ಬಂದ ತಾಯಿ ಮೊಂಜಿಯಾಗೆ ಓದು ಅಷ್ಟಕ್ಕಷ್ಟೇ. ಆದ್ದರಿಂದ ದಲೀಲಾ ಪಟ್ಟಿಯನ್ನು ಫೋನಿನಲ್ಲಿ ಮಾತಾಡಿ ಕಳಿಸಿದಳು.

"ಮೊಂಜಿಯಾ ಚಿಕ್ಕಮ್ಮ, ನಾನು ವಕೀಲೆ ದಲೀಲಾ. ನಿಮ್ಮ ಮಗ ಮರ್ವೆನ್‌ದು ಕೇಸು ಶುರು ಮಾಡೋಕೆ ಮುಂಚೆ ನನಗೆ ಒಂಬತ್ತು ವಿಷಯ ಬೇಕು. ಒಂದೊಂದೇ ಕೇಳಿಸ್ಕೊಳ್ಳಿ, ಒಂದೊಂದಕ್ಕೇ ಉತ್ತರ ಕಳಿಸಿ. ಗೊತ್ತಿಲ್ಲದಿದ್ರೆ ಗೊತ್ತಿಲ್ಲ ಅನ್ನಿ, ಅದೂ ಉತ್ತರಾನೇ. ಊಹೆ ಮಾಡಿ ಮಾತ್ರ ಹೇಳ್ಬೇಡಿ.

"ಒಂದು, ಅವನ ಜನನ ಪತ್ರ. ನಾಲ್ಕೂ ಮೂಲೆ ಕಾಣೋ ಹಾಗೆ ಫೋಟೋ ತೆಗೀರಿ. ಎರಡು, ನಿಮ್ಮ ಗುರುತಿನ ಚೀಟಿ, ನಾನು ಕೊಟ್ಟ ವಕಾಲತ್ತಿನ ಮೇಲೆ ನಿಮ್ಮ ಸಹಿ. ಮೂರು, ಯಾವತ್ತು, ಯಾವ ದಂಡೆಯಿಂದ ಹೊರಟ, ಅದನ್ನ ನಿಮಗೆ ಹೇಳಿದ್ದು ಯಾರು. ನಾಲ್ಕು, ಕೊನೇ ಸಲ ಯಾವ ನಂಬರಿಂದ ಫೋನ್ ಮಾಡ್ದ. ಐದು, ಜೊತೆಗೆ ಯಾರಿದ್ರು. ಆರು, ಮೈಮೇಲೆ ಯಾವ ಬಟ್ಟೆ, ಕಾಲಿಗೆ ಏನು. ಏಳು, ಗಾಯದ ಗುರುತು, ಮುರಿದ ಮೂಳೆ, ಆಪರೇಷನ್ ಏನಾದ್ರೂ ಇದ್ರೆ. ಎಂಟು, ಹಲ್ಲು ಕಾಣೋ ಫೋಟೋ. ಒಂಬತ್ತು, ಡಿಎನ್‌ಎ ಪರೀಕ್ಷೆಗೆ ಎಂಜಲು ಕೊಡೋರು ಯಾರು; ಹೆತ್ತ ತಾಯಿನಾ, ಹುಟ್ಟಿಸಿದ ತಂದೇನಾ, ಇಬ್ರೂನಾ. ಒಂದು, ಎರಡು, ಒಂಬತ್ತು ಇಲ್ದೆ ನಾನು ಕೆಲಸ ಶುರು ಮಾಡೋ ಹಾಗಿಲ್ಲ. ಮಿಕ್ಕಿದ್ದು ಆಮೇಲೆ ಬಂದ್ರೂ ನಡಿಯತ್ತೆ."

ಹೆತ್ತ, ಹುಟ್ಟಿಸಿದ ಎಂಬ ಮಾತುಗಳನ್ನು ಅವಳು ಸುಮ್ಮನೆ ಸೇರಿಸಿರಲಿಲ್ಲ. ಹಿಂದೊಮ್ಮೆ ಮಲತಂದೆಯೊಬ್ಬ ಪ್ರೀತಿಯಿಂದಲೇ ಎಂಜಲು ಕೊಟ್ಟು ಒಂದು ಕಡತ ಕೆಟ್ಟಿತ್ತು.

ಉತ್ತರಗಳು ಒಂದೊಂದೇ ಬಂದವು. ಜನನ ಪತ್ರ ಬಂತು. ಅದರಲ್ಲಿ ತಾಯಿಯ ಜಾಗದಲ್ಲಿ ಮೊಂಜಿಯಾ, ತಂದೆಯ ಜಾಗದಲ್ಲಿ ಬಶೀರ್. ವಕಾಲತ್ತು ಬಂತು. ಹೊರಟ ದಂಡೆ ಗೊತ್ತಿಲ್ಲ, ಜೊತೆಗಿದ್ದವರೂ ಗೊತ್ತಿಲ್ಲ. ಕೊನೆಯ ಕರೆ ಯಾರದೋ ನಂಬರಿನಿಂದ. "ಅಮ್ಮ, ಸಮುದ್ರ ಎಣ್ಣೆ ಥರ ಅಲುಗಾಡ್ದೆ ಇದೆ, ಭಯ ಬೇಡ" ಅಂದನಂತೆ. ಬಟ್ಟೆ: ಅಪ್ಪನ ನೀಲಿ ಜಾಕೀಟು, ತೋಳು ಉದ್ದವಾಗಿದ್ದರಿಂದ ಮೊಂಜಿಯಾಳೇ ಮಡಿಸಿ ಹೊಲಿದದ್ದು. ಗುರುತು: ಎಡ ಮುಂಗೈಯಲ್ಲಿ ರೊಟ್ಟಿ ಸುಡುವ ಮಣ್ಣಿನ ಒಲೆಯ ಅಂಚು ತಾಗಿ ಆದ ಸುಟ್ಟ ಕಲೆ. ಫೋಟೋ ಸಿಗುವುದೇ ಕಷ್ಟವಾಯಿತು. ಮುಂದಿನ ಹಲ್ಲು ಒಂದರ ಮೇಲೊಂದು ಏರಿದ್ದರಿಂದ ಮರ್ವೆನ್ ಕ್ಯಾಮೆರಾ ಕಂಡರೆ ಬಾಯಿ ಮುಚ್ಚಿಬಿಡುತ್ತಿದ್ದ. ಕೊನೆಗೆ ಪಕ್ಕದ ಮನೆಯ ಮದುವೆಯಲ್ಲಿ ಅವನು ತಲೆ ಹಿಂದಕ್ಕೆ ಹಾಕಿ ನಗುತ್ತಿದ್ದ ಒಂದು ಚಿತ್ರ ಬಂತು, ಸ್ವಲ್ಪ ಮಸುಕು.

ಒಂಬತ್ತಕ್ಕೆ ಮಾತ್ರ ಉತ್ತರವಿಲ್ಲ.

ದಲೀಲಾ ಮತ್ತೆ ಸಂದೇಶ ಕಳಿಸಿದಳು. ಬಂದವುಗಳಿಗೆಲ್ಲ ಥ್ಯಾಂಕ್ಸ್ ಹೇಳಿ, ಬಾಕಿ ಉಳಿದ ಒಂದನ್ನೇ ಕೇಳಿದಳು. "ನೀವೇ ಬರ್ಕೊಳ್ಳಿ ಮಗಳೇ, ತಾಯಿ ಅಂತ" ಎಂಬ ಉತ್ತರ ಬಂತು.

"ನಾನು ಬರ್ಕೊಳ್ಳೋ ಹಾಗಿಲ್ಲ ಚಿಕ್ಕಮ್ಮ. ನೀವೇ ಹೇಳ್ಬೇಕು. ಆಫೀಸಿಗೆ ಬನ್ನಿ."

ಗಂಡಹೆಂಡತಿ ಇಬ್ಬರೂ ಬಂದರು. ಬಶೀರ್ ಫಾಸ್ಫೇಟ್ ಅದಿರು ಸಾಗಿಸುವ ರೈಲಿನಲ್ಲಿ ದುಡಿದು ನಿವೃತ್ತನಾದ ಎತ್ತರದ ಮನುಷ್ಯ. ಮಂಡಿ ನೋವಿಗೆ ಮೆಟ್ಟಿಲನ್ನು ಬೈಯುತ್ತಲೇ ಹತ್ತಿ ಬಂದ. ಮೊಂಜಿಯಾ ಗಿಡ್ಡ, ತಲೆಯಿಂದ ಹೊದ್ದ ಬಿಳಿ ಸಫ್ಸಾರಿಯ ಅಂಚನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಬಟ್ಟೆಯಲ್ಲಿ ಸುತ್ತಿದ ಬಿಸಿ ರೊಟ್ಟಿಯನ್ನು ಮೇಜಿನ ಮೇಲಿಟ್ಟಳು.

"ಏನಮ್ಮ ಉಸ್ತಾದಾ, ಈ ಮೆಟ್ಟಿಲು ಕಟ್ಟಿಸಿದವನು ಕಕ್ಷಿದಾರರನ್ನ ಸಾಯಿಸೋಕೆ ಕಟ್ಟಿಸಿದ್ನಾ?" ಎಂದ ಬಶೀರ್, ಕುಳಿತು ಉಸಿರು ತೆಗೆದುಕೊಳ್ಳುತ್ತ. ಆ ಊರಿನಲ್ಲಿ ವಕೀಲೆಯನ್ನು ಕರೆಯುವುದೇ ಹಾಗೆ. "ಎಂಜಲು ಬೇಕು ತಾನೆ? ಬಾಯಿ ತೆಗೀತೀನಿ. ರಕ್ತ ಬೇಕಾ? ತಗೊಳ್ಳಿ, ಒಂದು ಬಾಟ್ಲಿ ತಗೊಳ್ಳಿ."

"ರಕ್ತ ಬೇಡ ಬಶೀರ್ ಚಿಕ್ಕಪ್ಪ. ಒಂದು ಪ್ರಶ್ನೆಗೆ ಉತ್ತರ ಸಾಕು. ನೀವಿಬ್ರೂ ಮರ್ವೆನ್‌ನ ಹೆತ್ತವರು ತಾನೆ?"

"ಇದೆಂಥ ಪ್ರಶ್ನೆ! ಜನನ ಪತ್ರದಲ್ಲಿ ಬರೆದಿಲ್ವಾ? ಹೌದು ಅಂತ ಬರ್ಕೊಳ್ಳಿ, ದಪ್ಪಕ್ಷರದಲ್ಲಿ."

ಮೊಂಜಿಯಾ ರೊಟ್ಟಿ ಸುತ್ತಿದ್ದ ಬಟ್ಟೆಯ ಗಂಟನ್ನು ಬಿಚ್ಚುತ್ತ, ಕಟ್ಟುತ್ತ ಕೂತಿದ್ದಳು. ದಲೀಲಾ ಪೆನ್ನು ಎತ್ತಿಕೊಂಡವಳು ಕೆಳಗಿಟ್ಟಳು. ಸಂಶಯವೇನೂ ಬಂದಿರಲಿಲ್ಲ ಅವಳಿಗೆ. ಎಲ್ಲರಿಗೂ ಹೇಳುವುದನ್ನೇ ಇವರಿಗೂ ಹೇಳಬೇಕೆಂದು ಹೇಳಿದಳು, ಅಷ್ಟೆ.

"ಹಾಗಾದ್ರೆ ಕೇಳಿ. ಅವನು ಕೊನೇ ಸಲ ಫೋನ್ ಮಾಡಿದ ದಿನ ಹೊರಟ ದೋಣಿ ಮುಳುಗಿದ ಮೇಲೆ ಇಟಲಿಯ ಸಿಸಿಲಿ ದ್ವೀಪದ ಒಂದು ಊರಿನ ದಂಡೆಗೆ ಕೆಲವು ದೇಹ ಬಂದ್ವು. ಹೆಸರಿಲ್ದೆ, ಬರೀ ನಂಬರ್ ಹಾಕಿ ಹೂಳಿದಾರೆ. ಹೂಳೋ ಮುಂಚೆ ಪ್ರತಿಯೊಂದರಿಂದಲೂ ಒಂದು ಚೂರು ತೆಗೆದಿಟ್ಟಿದಾರೆ. ನಿಮ್ಮದನ್ನ ಅದಕ್ಕೆ ಹೋಲಿಸ್ತಾರೆ. ಹೊಂದಿದ್ರೆ ಆ ನಂಬರು ಮರ್ವೆನ್. ಹೊಂದದಿದ್ರೆ, ಇದು ಇವರ ಮಗ ಅಲ್ಲ ಅಂತ ಬರೆದು, ಆ ನಂಬರಿಗೂ ನಿಮಗೂ ಸಂಬಂಧ ಇಲ್ಲ ಅಂತ ಮುಚ್ಚಿಬಿಡ್ತಾರೆ."

"ಮುಚ್ಚಿದ್ರೆ?" ಮೊದಲ ಸಲ ಮೊಂಜಿಯಾ ಬಾಯಿಬಿಟ್ಟಳು.

"ಮತ್ತೆ ತೆರೆಸೋದು ಬಹಳ ಕಷ್ಟ. ಅಲ್ಲಿ ಆ ದೋಣಿಯ ತನಿಖೆ ಮುಗಿಯೋಕೆ ಬಂದಿದೆ."

"ಅಂದ್ರೆ ಅವನೇ ಅಲ್ಲಿ ಮಲಗಿದ್ರೂ, ಅವನಲ್ಲ ಅಂತ ಹೇಳ್ಬಿಡ್ತಾರಾ?"

"ಎಂಜಲು ಹೆತ್ತವರದಾದ್ರೆ ಹಾಗಾಗಲ್ಲ."

"ನಮ್ಮದೇ ತಾನೆ, ಮತ್ತೆ ಯಾಕೆ ಆ ಮಾತು?" ಎಂದು ಬಶೀರ್ ಎದ್ದು ನಿಂತ. "ನಡಿಯೇ. ನಾಳೆ ಬಂದು ಬಾಯಿ ತೆಗಿಯೋಣ."

ಮರುದಿನ ಮೊಂಜಿಯಾ ಒಬ್ಬಳೇ ಬಂದಳು. ಕೈಯಲ್ಲಿ ರೊಟ್ಟಿ ಇರಲಿಲ್ಲ. ಕುರ್ಚಿಯ ತುದಿಯಲ್ಲಿ ಕೂತು, ಬಾಗಿಲು ಮುಚ್ಚಿ ಎಂದಳು. ದಲೀಲಾ ಮುಚ್ಚಿದಳು.

"ಬಶೀರ್ ಸುಳ್ಳು ಹೇಳ್ದ ಅಂತ ಅಂದ್ಕೋಬೇಡಿ. ಅವನಿಗೆ ಅದು ಸುಳ್ಳೇ ಅಲ್ಲ. ಮರೆತೇ ಹೋಗಿದಾನೆ, ಇಲ್ಲಾ ಮರೀಬೇಕು ಅಂತ ಮರೆತಿದಾನೆ." ಅವಳು ಸಫ್ಸಾರಿಯ ಅಂಚನ್ನು ಬಾಯಿಂದ ತೆಗೆದಳು. "ನನ್ನ ಹೊಟ್ಟೇಲಿ ಏನೂ ನಿಲ್ಲಲಿಲ್ಲ, ಉಸ್ತಾದಾ. ಟ್ಯೂನಿಸ್‌ಗೆ ಹೋದ್ವಿ, ಅನಾಥಾಲಯಕ್ಕೆ. ಜಡ್ಜ್ ಮುಂದೆ ಸಹಿ ಹಾಕಿ ತಂದ್ವಿ, ಜನನ ಪತ್ರದಲ್ಲೂ ನಮ್ಮ ಹೆಸರೇ ಬರೆದ್ರು. ಇಷ್ಟಿದ್ದ. ಹೊಕ್ಕಳು ಇನ್ನೂ ಒಣಗಿರ್ಲಿಲ್ಲ. ಊರಿಗೆ ವಾಪಸ್ ಬರೋ ಮುಂಚೆ ಗಾಬೆಸ್‌ನಲ್ಲಿ ಅಕ್ಕನ ಮನೇಲಿ ಇದ್ದೆ, ಹೆರಿಗೆಗೆ ಹೋಗಿದೀನಿ ಅಂತ ಎಲ್ಲರಿಗೂ ಹೇಳಿ. ಅಕ್ಕ ತೀರ್ಕೊಂಡ್ಳು. ಈಗ ಗೊತ್ತಿರೋದು ನಾವಿಬ್ರೇ."

"ಮರ್ವೆನ್‌ಗೆ?"

ಮೊಂಜಿಯಾ ಇಲ್ಲವೆಂದು ತಲೆಯಾಡಿಸಿದಳು. "ಅವನಿಗೇ ಹೇಳದ್ದನ್ನ ನಿಮಗೆ ಹೇಳ್ತಿದೀನಿ ನೋಡಿ. ಮದುವೆ ಆಗ್ಲಿ, ಒಂದು ಮಗು ಆಗ್ಲಿ, ಆಗ ಹೇಳಿದ್ರೆ ತಡ್ಕೋತಾನೆ ಅಂತಿದ್ದೆ."

ದಲೀಲಾ ಪಟ್ಟಿಯನ್ನು ಹತ್ತಿರ ಎಳೆದುಕೊಂಡಳು. ಒಂಬತ್ತನೆಯ ಸಾಲಿನ ಎದುರು 'ಇಲ್ಲ' ಎಂದು ಬರೆದಳು. ಆ ಎರಡಕ್ಷರ ಬರೆಯುವಾಗ ಎದುರು ಕೂತವಳು ತನ್ನ ಪೆನ್ನಿನ ತುದಿಯನ್ನೇ ನೋಡುತ್ತಿದ್ದಾಳೆಂದು ಅವಳಿಗೆ ಗೊತ್ತಾಗುತ್ತಿತ್ತು.

"ಮುಗೀತಾ?" ಎಂದಳು ಮೊಂಜಿಯಾ.

"ಇಲ್ಲ ಚಿಕ್ಕಮ್ಮ. ನೀವು ಹೇಳಿದ್ದು ಒಳ್ಳೇದಾಯ್ತು. ಬೇರೆ ದಾರಿ ಇದೆ. ಅವನ ಮೈಯದ್ದೇ ಏನಾದ್ರೂ ಉಳಿದಿದ್ರೆ ಅದನ್ನೇ ಹೋಲಿಸ್ಬಹುದು." ಹೊಸ ಹಾಳೆ ತೆಗೆದು ಬರೆಯುತ್ತ ಒಂದೊಂದನ್ನೇ ಕೇಳತೊಡಗಿದಳು. "ಅವನ ಹಲ್ಲುಜ್ಜೋ ಬ್ರಷ್?"

"ತಗೊಂಡು ಹೋದ. ಇಟಲೀಲಿ ದುಬಾರಿ ಅಂತೆ."

"ಗಡ್ಡ ಹೆರೆಯೋ ಬ್ಲೇಡು?"

"ಅಪ್ಪಮಗ ಒಂದರಲ್ಲೇ ಹೆರ್ಕೊಳ್ತಿದ್ರು. ಬಶೀರ್ ಈಗ್ಲೂ ಅದರಲ್ಲೇ..."

"ಬಾಚಣಿಗೆ? ಟೋಪಿ? ತೊಳೀದೆ ಇರೋ ಅಂಗಿ, ದಿಂಬಿನ ಕವರು, ಏನಾದ್ರೂ?"

ಮೊಂಜಿಯಾ ತನ್ನ ಅಂಗೈಗಳನ್ನು ನೋಡಿಕೊಂಡಳು. ಅವಳ ಮುಖದಲ್ಲಿ ನಿಧಾನವಾಗಿ ಏನೋ ಕುಸಿಯಿತು. "ತೊಳ್ದೆ" ಎಂದಳು. "ಎಲ್ಲಾನೂ ತೊಳ್ದೆ. ಅವನು ಹೋದ ವಾರ ಪೂರ್ತಿ ತೊಳೀತಾನೇ ಇದ್ದೆ. ಪೊಲೀಸರು ಹಿಡಿದು ವಾಪಸ್ ಕಳಿಸ್ತಾರೆ, ಎಷ್ಟೋ ಹುಡುಗ್ರು ಹಾಗೇ ಬಂದಿದಾರೆ, ಬಂದಾಗ ಹಾಸಿಗೆ ಶುಭ್ರವಾಗಿರ್ಲಿ ಅಂತ. ದಿಂಬಿನ ಉಣ್ಣೆ ಬಿಚ್ಚಿ ತೊಳೆದು ಬಿಸಿಲಿಗೆ ಹಾಕಿ ಮತ್ತೆ ತುಂಬಿದೆ. ಬಾಚಣಿಗೇನ ಸೋಪಿನಲ್ಲಿ ತಿಕ್ಕಿ ಇಟ್ಟಿದೀನಿ. ಮಗಳೇ, ತೊಳೀಬಾರ್ದು ಅಂತ ಯಾರೂ ಹೇಳಲಿಲ್ವಲ್ಲ!"

"ಯಾರಿಗೂ ಗೊತ್ತಿರಲ್ಲ ಚಿಕ್ಕಮ್ಮ. ಎಲ್ಲ ತಾಯಂದ್ರೂ ತೊಳೀತಾರೆ." ಇದು ನಿಜವೇ ಆಗಿತ್ತು. "ಆಸ್ಪತ್ರೇಲಿ ಏನಾದ್ರೂ ಕೊಯ್ದು ಪರೀಕ್ಷೆಗೆ ಕಳಿಸಿದ್ರಾ ಯಾವತ್ತಾದ್ರೂ? ಅಂಥದ್ದನ್ನ ವರ್ಷಗಟ್ಟಲೆ ಇಟ್ಟಿರ್ತಾರೆ."

"ಕೈ ಸುಟ್ಟಾಗ ಜೇನು ಹಚ್ಚಿದ್ದೆ. ಆಸ್ಪತ್ರೆ ಬಾಗಿಲೇ ನೋಡಿಲ್ಲ ಅವನು. ಕಲ್ಲುಗುಂಡು."

"ಚಿಕ್ಕಂದಿನ ಹಾಲುಹಲ್ಲು ಏನಾದ್ರೂ ಎತ್ತಿಟ್ಟಿದೀರಾ? ಕೆಲವರು ಇಡ್ತಾರೆ."

ಮೊಂಜಿಯಾ ನಕ್ಕುಬಿಟ್ಟಳು, ಅಳುವಿಗಿಂತ ಕೆಟ್ಟದಾಗಿತ್ತು ಆ ನಗು. "ಹಲ್ಲು ಬಿದ್ರೆ ಎಲ್ಲರೂ ಏನ್ ಮಾಡ್ತಾರೋ ಅದನ್ನೇ ಮಾಡಿದ್ವಿ. ತಾರಸಿ ಮೇಲೆ ನಿಂತು ಸೂರ್ಯನಿಗೆ ಎಸೆದ. ಕತ್ತೆಹಲ್ಲು ತಗೋ, ಜಿಂಕೆಹಲ್ಲು ಕೊಡು ಅಂತ. ಸೂರ್ಯ ಕೊಟ್ಟಿದ್ದು ಮಾತ್ರ ಕತ್ತೆಹಲ್ಲೇ. ಅದಕ್ಕೇ ಬಾಯಿ ಮುಚ್ಕೊಂಡು ಫೋಟೋ ತೆಗೆಸ್ಕೊಳ್ತಿದ್ದ, ಕತ್ತೆ."

ಹಾಳೆಯ ಮೇಲೆ ಸಾಲಾಗಿ 'ಇಲ್ಲ'ಗಳು ನಿಂತಿದ್ದವು. ದಲೀಲಾ ಕೊನೆಯದೊಂದನ್ನು ಕೇಳಲು ಬಹಳ ಹಿಂಜರಿದಳು. ಆದರೆ ಕೇಳದೆ ಬಿಟ್ಟರೆ ಅದೂ ತಪ್ಪಾಗುತ್ತಿತ್ತು.

"ಅವನನ್ನ ಹೆತ್ತವಳು ಯಾರು ಅಂತ ಏನಾದ್ರೂ ಗೊತ್ತಾ?"

"ಒಂದು ಹಸಿರು ಶಾಲಿನಲ್ಲಿ ಸುತ್ತಿ ಕೊಟ್ಟಿದ್ರು. ಅದು ಅವಳದ್ದೋ ಅಲ್ಲಿನ ದಾದಿಯರದ್ದೋ, ನಾನು ಕೇಳಲಿಲ್ಲ. ಕೇಳೋಕೆ ಹೆದರಿಕೆ. ಮನಸ್ಸು ಬದಲಾಯಿಸಿ ವಾಪಸ್ ತಗೊಂಡ್ರೆ ಅಂತ." ಅವಳು ತಲೆ ಎತ್ತಿದಳು. "ಸಿಕ್ರೆ ಕೇಳಿ. ನನಗೇನೂ ಬೇಜಾರಿಲ್ಲ. ಅವಳ ಎಂಜಲೇ ಆಗ್ಲಿ. ಅವಳದ್ದೇ ಮಗ ಅಂತ ಬರೆದ್ರೂ ಪರವಾಗಿಲ್ಲ, ಹೆಸರು ಹಾಕಿದ್ರೆ ಸಾಕು."

ದಲೀಲಾ ಟ್ಯೂನಿಸ್‌ಗೆ ಬರೆದಳು, ಉತ್ತರ ಬಾರದಿದ್ದಾಗ ತಾನೇ ಹೋದಳು. ಅನಾಥಾಲಯದ ಕಡತಗಳ ಕೋಣೆಯ ಹೆಂಗಸು ಒರಟಳಲ್ಲ. ಚಹಾ ತರಿಸಿದಳು, ಪುಸ್ತಕ ತೆಗೆಸಿ ನೋಡಿದಳು. ಮಗುವನ್ನು ಹೆತ್ತವಳು ಹೆಸರು ಕೊಟ್ಟಿರಲಿಲ್ಲ. ಹೆರಿಗೆಯಾದ ಆಸ್ಪತ್ರೆಯಲ್ಲಿ ಏನಾದರೂ ಇದ್ದೀತು ಎಂದು ಹೇಳಿ, ಅವಳೇ ಮತ್ತೆ ತಲೆಯಲ್ಲಾಡಿಸಿದಳು.

"ಅದನ್ನ ಕೇಳೋ ಹಕ್ಕು ಆ ಮಗುವಿಗೆ ಮಾತ್ರ, ಮೇಡಂ. ದೊಡ್ಡವನಾದ ಮೇಲೆ ಅವನೇ ಬಂದು, ಅವನೇ ಸಹಿ ಹಾಕಿ ಕೇಳ್ಬೇಕು. ಅವನನ್ನ ಕರ್ಕೊಂಡು ಬರೋಕಾಗತ್ತಾ?"

"ಆಗಲ್ಲ" ಎಂದಳು ದಲೀಲಾ.

ವಾಪಸು ರೈಲಿನಲ್ಲಿ ಕಿಟಕಿಯಾಚೆ ಆಲಿವ್ ತೋಟಗಳು ಸಾಲು ತಪ್ಪದೆ ಓಡುತ್ತಿದ್ದವು. ಅವಳಿಗೆ ಕಣ್ಣು ಮುಚ್ಚಿದರೂ ಸಾಲುಗಳೇ ಕಾಣುತ್ತಿದ್ದವು.

ಉಳಿದದ್ದು ಕಲೆ, ಜಾಕೀಟು ಮತ್ತು ನಗುವಿನ ಚಿತ್ರ. ಹಲ್ಲಿನ ಸಾಲು ಸ್ಪಷ್ಟವಿದ್ದರೆ ಅದರಿಂದಲೂ ಗುರುತು ಹಿಡಿಯುವವರಿದ್ದಾರೆ ಎಂದು ಪಲೆರ್ಮೊದ ವಕೀಲೆ ಹೇಳಿದಳು. ಫೋನಿನಲ್ಲಿ ಕೈಬದಲಾಗಿ ಬಂದ ಚಿತ್ರ ಬೇಡ, ಕ್ಯಾಮೆರಾದಲ್ಲಿ ತೆಗೆದ ಮೂಲವೇ ಬೇಕು ಎಂದಳು. ದಲೀಲಾ ಅದನ್ನೂ ಮೊಂಜಿಯಾಗೆ ಬಿಡಿಸಿ ಹೇಳಿದಳು: ಯಾವ ಮದುವೆ, ಫೋಟೋ ತೆಗೆದವರು ಯಾರು, ಅವರ ಹತ್ತಿರ ಮೂಲ ಇದೆಯೇ. ಮೊಂಜಿಯಾ ಊರೆಲ್ಲ ತಿರುಗಿ ಫೋಟೋ ತೆಗೆದವನನ್ನು ಹುಡುಕಿದಳು. ಅವನು ಹಳೆಯ ಮದುವೆಗಳನ್ನೆಲ್ಲ ಅಳಿಸಿ ಹೊಸವನ್ನು ತುಂಬಿಕೊಂಡಿದ್ದ.

"ನನ್ನ ಮಗನ ನಗು ಅಳಿಸಿ ಇನ್ಯಾರದ್ದೋ ನಗು ತುಂಬಿದೀಯಲ್ಲೋ" ಎಂದಳಂತೆ. ಅವನು ತಲೆ ತಗ್ಗಿಸಿಕೊಂಡು, ಚಿಕ್ಕಮ್ಮ, ಜಾಗ ಸಾಲಲ್ಲ, ಎಂದನಂತೆ.

ಇರುವುದನ್ನೇ ಜೋಡಿಸಿ ದಲೀಲಾ ಕಡತ ಕಳಿಸಿದಳು. ಯಾವುದು ಇದೆ, ಯಾವುದು ಇಲ್ಲ, ಯಾಕಿಲ್ಲ ಎಂದು ಮೇಲೆ ಒಂದು ಪುಟ ಬರೆದಳು. ದತ್ತು ಮಗ, ರಕ್ತಸಂಬಂಧಿಗಳು ಯಾರೂ ಇಲ್ಲ, ಆದ್ದರಿಂದ ಡಿಎನ್‌ಎ ಇಲ್ಲದ ಕಾರಣಕ್ಕೆ ಈತನನ್ನು ತಳ್ಳಿಹಾಕಬಾರದು ಎಂದು ಬರೆದು ಕೆಳಗೆ ಗೆರೆ ಎಳೆದಳು.

ಚಳಿಗಾಲ ಹಿಡಿಯುವ ಹೊತ್ತಿಗೆ ಉತ್ತರ ಬಂತು. ನೀಲಿ ಜಾಕೀಟಿನವರು ಒಬ್ಬರಿಗಿಂತ ಹೆಚ್ಚು. ತೋಳು ಮಡಿಸಿ ಹೊಲಿದದ್ದನ್ನು ಯಾರೂ ಬರೆದಿಟ್ಟಿರಲಿಲ್ಲ. ಬಟ್ಟೆಗಳನ್ನು ಆಗಲೇ ಸುಟ್ಟಿದ್ದರು. ನೀರಿನಲ್ಲಿ ಬಹಳ ದಿನ ಇದ್ದುದರಿಂದ ಚರ್ಮದ ಕಲೆಗಳ ಮಾತೇ ಇಲ್ಲ. ಚಿತ್ರ ಹೋಲಿಕೆಗೆ ಸಾಲದು. ದೋಣಿಯ ತನಿಖೆ ಮುಗಿದಿದೆ. ಕಡತವನ್ನು ಮುಚ್ಚಲಾಗಿದೆ.

ಫೋನಿನಲ್ಲಿ ಹೇಳುವ ಮಾತಲ್ಲ ಎಂದು ದಲೀಲಾ ಅವರ ಮನೆಗೇ ಹೋದಳು. ಬಶೀರ್ ಬಾಗಿಲು ತೆರೆದ. ಹೆಂಡತಿ ಒಬ್ಬಳೇ ಕಚೇರಿಗೆ ಹೋಗಿ ಎಲ್ಲ ಹೇಳಿದ್ದು ಅವನಿಗೆ ಈ ನಡುವೆ ತಿಳಿದಿತ್ತು. ಅದರ ಬಗ್ಗೆ ಒಂದು ಮಾತೂ ಆಡದೆ ಒಳಗೆ ಕರೆದು ಮರ್ವೆನ್‌ನ ಕೋಣೆಯಲ್ಲಿ ಕೂರಿಸಿದ. ಹಾಸಿಗೆಯ ಮೇಲೆ ಸುಕ್ಕಿಲ್ಲದ ಬಿಳಿ ಹೊದಿಕೆ. ಸಾಬೂನಿನ ವಾಸನೆ.

ದಲೀಲಾ ಓದಿ ಹೇಳಿದಳು. ಸುತ್ತಿ ಬಳಸಿ ಹೇಳಲಿಲ್ಲ.

ಬಶೀರ್ ಹೊದಿಕೆಯ ಅಂಚನ್ನು ಕೈಯಿಂದ ಸವರಿದ. "ನಾನು ಹೌದು ಅಂದಿದ್ದೆ" ಎಂದ. "ನಾನು ಹೇಳಿದ ಹಾಗೆ ಬರ್ಕೊಂಡಿದ್ರೆ ಏನಾಗ್ತಿತ್ತು?"

"ಅವನಲ್ಲ ಅಂತ ಉತ್ತರ ಬರ್ತಿತ್ತು, ಚಿಕ್ಕಪ್ಪ."

"ಈಗ ಏನು ಬಂತು?"

"ಹೇಳೋಕಾಗಲ್ಲ ಅಂತ ಬಂತು."

"ಎರಡಕ್ಕೂ ಏನಮ್ಮ ವ್ಯತ್ಯಾಸ?"

ವ್ಯತ್ಯಾಸವಿತ್ತು. ಕಾಗದದ ಮೇಲಿತ್ತು, ಕಾನೂನಿನಲ್ಲಿತ್ತು. ಆ ಕೋಣೆಯಲ್ಲಿ ಕೂತು ಅದನ್ನು ತೋರಿಸಿಕೊಡಲು ದಲೀಲಾಳಿಂದ ಆಗಲಿಲ್ಲ. ಬಶೀರ್ ಎದ್ದು ಹೊರಗೆ ಹೋದ. ಅಂಗಳದಲ್ಲಿ ಅವನ ಕೆಮ್ಮು ಕೇಳಿಸಿತು, ಆಮೇಲೆ ಬೀದಿಬಾಗಿಲು ಮುಚ್ಚಿದ ಸದ್ದು.

ಮೊಂಜಿಯಾ ಅಳಲಿಲ್ಲ. ಕುರ್ಚಿಯನ್ನು ಹತ್ತಿರ ಎಳೆದುಕೊಂಡು ಕೂತು, ವಕೀಲೆಯ ಚೀಲದ ಕಡೆ ಕೈ ತೋರಿಸಿದಳು.

"ಪೆನ್ನು ತೆಗೀರಿ, ಮಗಳೇ. ಇನ್ನೇನು ಬೇಕು ಕೇಳಿ."

"ಕೇಳೋದು ಏನೂ ಉಳಿದಿಲ್ಲ, ಚಿಕ್ಕಮ್ಮ."

"ಹಾಗನ್ಬೇಡಿ. ನೀವು ಅಷ್ಟು ದಿನ ಕೇಳ್ತಾನೇ ಇದ್ರಿ. ಒಂದು ಕಳಿಸಿದ್ರೆ ಇನ್ನೊಂದು ಬಾಕಿ ಇದೆ ಅಂತಿದ್ರಿ. ಬೆಳಗ್ಗೆ ಎದ್ದ ಕೂಡ್ಲೇ, ಇವತ್ತು ಇದನ್ನ ಹುಡುಕ್ಬೇಕು, ಅವನಿಗೋಸ್ಕರ ಅಲ್ಲಿಗೆ ಹೋಗ್ಬೇಕು ಅಂತ ಒಂದು ಕೆಲಸ ಇರ್ತಿತ್ತು ನನಗೆ." ಅವಳ ದನಿ ಏರಲಿಲ್ಲ, ಇಳಿಯಲಿಲ್ಲ. "ಕಾಲಿಗೆ ಏನು ಅಂತ ಕೇಳಿದ್ರಿ, ಆದ್ರೆ ಯಾವ ಕಾಲು ಮುಂದಿಟ್ಟು ನಡೀತಿದ್ದ ಅಂತ ಕೇಳಿಲ್ಲ. ಹೇಗೆ ಮಲಗ್ತಿದ್ದ ಅಂತ ಕೇಳಿಲ್ಲ. ಎಡಕ್ಕೆ ಮಲಗ್ತಿದ್ದ, ಮಂಡಿ ಮಡಚ್ಕೊಂಡು. ಕೇಳಿ ಏನಾದ್ರೂ. ಗೊತ್ತಿಲ್ದಿದ್ರೆ ಗೊತ್ತಿಲ್ಲ ಅಂತೀನಿ."

ದಲೀಲಾ ಚೀಲದಿಂದ ಪೆನ್ನು ತೆಗೆದಳು. ಮೊಣಕಾಲಿನ ಮೇಲೆ ಬಿಳಿಯ ಹಾಳೆಯೊಂದನ್ನು ಹರಡಿಕೊಂಡಳು. ಯಾವ ನ್ಯಾಯಾಲಯವೂ ಕೇಳದ, ಯಾವ ಅಧಿಕಾರಿಯೂ ಓದದ ಒಂದು ಪ್ರಶ್ನೆಗಾಗಿ ತಡಕಾಡಿದಳು. ಮೊಂಜಿಯಾ ಕತ್ತು ಮುಂದೆ ಚಾಚಿ, ಪರೀಕ್ಷೆಗೆ ಕೂತ ಹುಡುಗಿಯ ಹಾಗೆ ಕಾಯುತ್ತಿದ್ದಳು. ದಲೀಲಾ ಹಾಳೆಯ ಮೇಲೆ 'ಒಂದು' ಎಂದು ಬರೆದು, ಮುಂದಿನ ಜಾಗವನ್ನು ಖಾಲಿ ಬಿಟ್ಟಳು.